ಉತ್ತರ ಬಾರದ ಮೀಟಿಂಗ್‌ಗೆ ಎರಡನೇ ಪತ್ರ

ಗ್ರಾಹಕರಿಗೆ ಮೀಟಿಂಗ್‌ನ ದಿನ, ಸಮಯ ಸೂಚಿಸಿ ಇಮೇಲ್ ಕಳಿಸಿ ಮೂರ್ನಾಲ್ಕು ದಿನ ಕಳೆದರೂ ಉತ್ತರ ಬರದಿದ್ದಾಗ ಬರೆಯುವ ಎರಡನೇ ಪತ್ರ ನಾಲ್ಕೈದು ಸಾಲಿನದು. ಆದರೆ ಆ ಸಾಲುಗಳನ್ನು ಬರೆಯುವುದಕ್ಕೆ ಅನೇಕರು ಹಿಂಜರಿಯುತ್ತಾರೆ. ಕೇಳಿದರೆ ಒತ್ತಾಯ ಮಾಡಿದಂತಾಗುತ್ತದೆ ಎಂಬ ಸಂಕೋಚ ಒಂದು ಕಡೆ, ಕೇಳದಿದ್ದರೆ ಕೆಲಸವೇ ನಿಂತುಹೋಗುತ್ತದೆ ಎಂಬ ಆತಂಕ ಇನ್ನೊಂದು ಕಡೆ. ಈ ಇಕ್ಕಟ್ಟಿನಲ್ಲಿ ಹುಟ್ಟುವ ಪತ್ರ ಸಾಮಾನ್ಯವಾಗಿ ಎರಡರಲ್ಲಿ ಒಂದು ರೂಪ ತಾಳುತ್ತದೆ: ಒಂದೋ ಕ್ಷಮೆಯಾಚನೆ, ಇಲ್ಲವೇ ತಗಾದೆ. ಕೆಲಸ ಮಾಡುವ ಪತ್ರ ಇವೆರಡೂ ಅಲ್ಲ. ಉತ್ತರ ಕೊಡುವ ಶ್ರಮವನ್ನು ಕಡಿಮೆ ಮಾಡುವುದೇ ಅದರ ಗುರಿ. ಮರೆತಿದ್ದನ್ನು ನೆನಪಿಸುವುದು ಆ ಗುರಿಯ ಒಂದು ಸಣ್ಣ ಭಾಗ ಮಾತ್ರ.

ಮೌನಕ್ಕೆ ನಾಲ್ಕು ಕಾರಣ

ಉತ್ತರ ಬಾರದಿರುವುದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳಿರುತ್ತವೆ. ಮೊದಲನೆಯದು, ಮೇಲ್ ಕಣ್ಣಿಗೇ ಬಿದ್ದಿರುವುದಿಲ್ಲ. ಸ್ಪ್ಯಾಮ್ ಪೆಟ್ಟಿಗೆಗೆ ಹೋಗಿರಬಹುದು, ಬೇರೆ ಮೇಲ್‌ಗಳ ಕೆಳಗೆ ಹೂತುಹೋಗಿರಬಹುದು, ಹಳೆಯ ವಿಳಾಸಕ್ಕೆ ಹೋಗಿರಬಹುದು. ಎರಡನೆಯದು, ಓದಿ 'ಆಮೇಲೆ ನೋಡೋಣ' ಎಂದು ಬಿಟ್ಟಿರುತ್ತಾರೆ. ಇದೇ ಅತಿ ಸಾಮಾನ್ಯ. ಸಮಯ ಒಪ್ಪಿಕೊಳ್ಳುವುದು ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ಅದಕ್ಕೆ ಕ್ಯಾಲೆಂಡರ್ ತೆರೆಯಬೇಕು, ಬೇರೆ ಕೆಲಸಗಳೊಂದಿಗೆ ಹೊಂದಿಸಬೇಕು. ಬಸ್ಸಿನಲ್ಲಿ ಫೋನ್ ನೋಡುತ್ತ ಓದಿದವರು ಇದನ್ನೆಲ್ಲ ಆಗಲೇ ಮಾಡುವುದಿಲ್ಲ.

ಮೂರನೆಯದು, ಉತ್ತರ ಅವರೊಬ್ಬರ ಕೈಯಲ್ಲಿರುವುದಿಲ್ಲ. ಗಂಡನನ್ನೋ ಹೆಂಡತಿಯನ್ನೋ ಪಾಲುದಾರರನ್ನೋ ಬ್ಯಾಂಕಿನವರನ್ನೋ ಕೇಳಿ ಹೇಳಬೇಕಾಗಿರುತ್ತದೆ. ನಾಲ್ಕನೆಯದು, ಮೀಟಿಂಗೇ ಬೇಡವೆನಿಸಿದೆ. ಅಂದಾಜು ವೆಚ್ಚ ಹೆಚ್ಚಾಯಿತೆಂದು ಅನ್ನಿಸಿರಬಹುದು, ಬೇರೆಯವರೊಂದಿಗೆ ಮಾತುಕತೆ ನಡೆದಿರಬಹುದು. ಬಾಯಿಬಿಟ್ಟು 'ಬೇಡ' ಎನ್ನಲು ದಾಕ್ಷಿಣ್ಯ ಅಡ್ಡ ಬಂದಿರುತ್ತದೆ.

ಹೊರಗೆ ಕುಳಿತವರಿಗೆ ಈ ನಾಲ್ಕೂ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ಕಾರಣವನ್ನು ಊಹಿಸಿ ಬರೆದ ಪತ್ರ ಎಡವುತ್ತದೆ. 'ನೀವು ತುಂಬ ಬ್ಯುಸಿ ಇರಬಹುದು' ಎಂದರೆ ಮೇಲನ್ನೇ ನೋಡದವರಿಗೆ ಅದು ಅಸಂಬದ್ಧ. 'ನನ್ನ ಮೇಲ್ ನೋಡಿದಿರಾ?' ಎಂದರೆ ನೋಡಿ ಸುಮ್ಮನಿದ್ದವರಿಗೆ ಮುಜುಗರ. ಒಳ್ಳೆಯ ಪತ್ರ ಯಾವ ಕಾರಣವನ್ನೂ ಹೆಸರಿಸದೆ ನಾಲ್ಕಕ್ಕೂ ದಾರಿ ಬಿಡುತ್ತದೆ. ನೋಡದವರಿಗೆ ವಿಷಯ ತಿಳಿಯುತ್ತದೆ, ಮುಂದೂಡಿದವರು ಒಂದೇ ಅಕ್ಷರದಲ್ಲಿ ಉತ್ತರಿಸಬಹುದು, ಇನ್ನೊಬ್ಬರನ್ನು ಕೇಳಬೇಕಾದವರಿಗೆ ಒಂದು ಗಡುವು ಸಿಗುತ್ತದೆ, ಬೇಡವೆನಿಸಿದವರಿಗೆ ಮರ್ಯಾದೆಯಿಂದ 'ಬೇಡ' ಎನ್ನಲು ಅವಕಾಶವಿರುತ್ತದೆ.

ಒಂದು ಉದಾಹರಣೆ

ಮೈಸೂರಿನ ಒಂದು ಸಣ್ಣ ವಾಸ್ತುಶಿಲ್ಪ ಕಚೇರಿಯನ್ನು ಕಲ್ಪಿಸಿಕೊಳ್ಳಬಹುದು. ಗ್ರಾಹಕರು ಅಮೆರಿಕದ ಸ್ಯಾನ್ ಹೋಸೆಯಲ್ಲಿರುವ ಮಹಿಳೆ. ತಂದೆ ತಾಯಿಗಾಗಿ ಮೈಸೂರಿನಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಅನುಮೋದನೆಗೆ ನಕ್ಷೆ ಸಲ್ಲಿಸುವ ಮುನ್ನ ನೆಲಮಹಡಿಯ ವಿನ್ಯಾಸದ ಬಗ್ಗೆ ಅರ್ಧ ಗಂಟೆ ವಿಡಿಯೊ ಕರೆಯಲ್ಲಿ ಮಾತನಾಡಬೇಕಿದೆ. 2025ರ ಅಕ್ಟೋಬರ್ 28, ಮಂಗಳವಾರ ಸಂಜೆ 6 ಗಂಟೆಗೆ ವಾಸ್ತುಶಿಲ್ಪಿ ಹೀಗೆ ಬರೆಯುತ್ತಾರೆ:

"ಮುಂದಿನ ಮಂಗಳವಾರ ನಮ್ಮ ರಾತ್ರಿ 8.30ಕ್ಕೆ, ಅಂದರೆ ನಿಮ್ಮ ಬೆಳಿಗ್ಗೆ 8ಕ್ಕೆ ಮಾತನಾಡಬಹುದೇ? ಇಲ್ಲವಾದರೆ ನಿಮಗೆ ಅನುಕೂಲವಾದ ಸಮಯ ತಿಳಿಸಿ."

ಬುಧವಾರ, ಗುರುವಾರ ಕಳೆಯುತ್ತವೆ. ಶುಕ್ರವಾರವೂ ಉತ್ತರವಿಲ್ಲ.

ಈ ಮೊದಲ ಪತ್ರದಲ್ಲಿ ಒರಟುತನ ಎಲ್ಲೂ ಇಲ್ಲ. ಆದರೂ ಎರಡು ತೊಡಕುಗಳಿವೆ. ಕೊನೆಯ ವಾಕ್ಯ ಸೌಜನ್ಯದಂತೆ ಕಂಡರೂ ಇಡೀ ಕೆಲಸವನ್ನು ಗ್ರಾಹಕರ ತಲೆಗೆ ಕಟ್ಟುತ್ತದೆ. ಮಂಗಳವಾರ ಆಗದಿದ್ದರೆ ಅವರೇ ಹೊಸ ಸಮಯ ಹುಡುಕಬೇಕು, ಆ ಸಮಯಕ್ಕೆ ಮೈಸೂರಿನಲ್ಲಿ ಗಂಟೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಬೇಕು, ಅದು ತೀರಾ ಅಪರಾತ್ರಿ ಆಗುತ್ತದೆಯೇ ಎಂದು ಯೋಚಿಸಬೇಕು. ಅವರು ಮುಂದೂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯ ತೊಡಕು ಲೆಕ್ಕದ್ದು. ಭಾರತದ ಗಡಿಯಾರ ವರ್ಷವಿಡೀ ಒಂದೇ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರ್‌ನ ಮೊದಲ ಭಾನುವಾರ ಒಂದು ಗಂಟೆ ಹಿಂದೆ ಬರುತ್ತದೆ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯ ಭಾರತಕ್ಕಿಂತ ಹನ್ನೆರಡೂವರೆ ಗಂಟೆ ಹಿಂದಿದ್ದರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದಿರುತ್ತದೆ. 2025ರಲ್ಲಿ ಆ ಭಾನುವಾರ ನವೆಂಬರ್ 2. ಮೇಲ್ ಬರೆದ ದಿನ ಮೈಸೂರಿನ ರಾತ್ರಿ 8.30 ಸ್ಯಾನ್ ಹೋಸೆಯ ಬೆಳಿಗ್ಗೆ 8 ಆಗಿತ್ತು. ಮೀಟಿಂಗ್ ದಿನವಾದ ನವೆಂಬರ್ 4ಕ್ಕೆ ಅದು ಬೆಳಿಗ್ಗೆ 7. ಗ್ರಾಹಕರು 'ಆಗಲಿ' ಎಂದಿದ್ದರೂ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಪರದೆಯ ಮುಂದೆ ಕೂರುವ ಸಂಭವವಿತ್ತು. ಎರಡನೇ ಪತ್ರ ಬರೆಯುವ ಮುನ್ನ ಮೊದಲನೆಯದನ್ನು ಹೀಗೆ ಪೂರ್ತಿ ಓದಿ ನೋಡಬೇಕಾದದ್ದು ಇದಕ್ಕೇ. ದಿನ ಕಳೆದಂತೆ ಸೂಚಿಸಿದ ಸಮಯವೂ ಹಳಸಿರುತ್ತದೆ.

ಯಾವಾಗ ಬರೆಯಬೇಕು

ಸಾಮಾನ್ಯ ಮೀಟಿಂಗ್‌ಗೆ ಎರಡರಿಂದ ಮೂರು ಕೆಲಸದ ದಿನ ಕಾಯುವುದು ರೂಢಿ. ಎಣಿಸಬೇಕಾದದ್ದು ಗ್ರಾಹಕರ ಊರಿನ ಕೆಲಸದ ದಿನಗಳನ್ನು. ಸೌದಿ ಅರೇಬಿಯದಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಅಲ್ಲಿನವರಿಗೆ ಗುರುವಾರ ಸಂಜೆ ಬರೆದು ಶನಿವಾರ ನೆನಪಿಸಿದರೆ ಒಂದೂ ಕೆಲಸದ ದಿನ ಕೊಟ್ಟಂತಾಗುವುದಿಲ್ಲ. ಕರ್ನಾಟಕದಲ್ಲೇ ಇರುವ ಗ್ರಾಹಕರಾದರೆ ದಸರಾ, ದೀಪಾವಳಿಯ ವಾರ ಲೆಕ್ಕಕ್ಕಿಲ್ಲ. ವ್ಯಾಪಾರಿಗಳಿಗೂ ಅವರ ಲೆಕ್ಕಪರಿಶೋಧಕರಿಗೂ ಮಾರ್ಚ್ ಕೊನೆಯ ವಾರ ಬೇರೆ ಯಾವ ಮಾತಿಗೂ ಪುರುಸೊತ್ತಿರುವುದಿಲ್ಲ.

ಇನ್ನೊಂದು ಲೆಕ್ಕ ಮೀಟಿಂಗ್ ದಿನದಿಂದ ಹಿಂದಕ್ಕೆ ಎಣಿಸುವುದು. ಗ್ರಾಹಕರಿಗೆ ಪತ್ರ ತಲುಪಿದ ಮೇಲೆ ಯೋಚಿಸಲು ಕನಿಷ್ಠ ಒಂದು ಪೂರ್ತಿ ದಿನವಾದರೂ ಸಿಗಬೇಕು. ಮೀಟಿಂಗ್‌ನ ಹಿಂದಿನ ರಾತ್ರಿ 'ನಾಳೆ ಖಚಿತವೇ?' ಎಂದು ಕೇಳಿದರೆ, ಪದಗಳು ಎಷ್ಟೇ ಮೃದುವಾಗಿದ್ದರೂ ಅದು ಒತ್ತಡವೇ.

ಈ ಉದಾಹರಣೆಯಲ್ಲಿ ಎರಡೂ ಲೆಕ್ಕ ಶುಕ್ರವಾರಕ್ಕೆ ಬಂದು ಕೂಡುತ್ತವೆ. ಆದರೆ ಮೈಸೂರಿನ ಶುಕ್ರವಾರ ಬೆಳಿಗ್ಗೆ 10ಕ್ಕೆ ಕಳಿಸಿದರೆ ಸ್ಯಾನ್ ಹೋಸೆಯಲ್ಲಿ ಗುರುವಾರ ರಾತ್ರಿ 9.30 ಆಗಿರುತ್ತದೆ. ಬೆಳಗಾಗುವಷ್ಟರಲ್ಲಿ ಅದರ ಮೇಲೆ ಹತ್ತಾರು ಮೇಲ್ ಬಂದು ಬಿದ್ದಿರುತ್ತವೆ. ಶನಿವಾರ ಬೆಳಿಗ್ಗೆ ಕಳಿಸಿದರೆ ಅಲ್ಲಿ ಶುಕ್ರವಾರ ರಾತ್ರಿ, ಅಂದರೆ ವಾರದ ಕೆಲಸ ಮುಗಿದಿರುವ ಹೊತ್ತು. ಮೈಸೂರಿನ ಶುಕ್ರವಾರ ರಾತ್ರಿ 8.30 ಸರಿಯಾದ ಸಮಯ. ಅದು ಅಲ್ಲಿ ಬೆಳಿಗ್ಗೆ 8. ಗ್ರಾಹಕರಿಗೆ ಒಂದು ಕೆಲಸದ ದಿನ ಸಿಗುತ್ತದೆ. ಮನೆಯವರನ್ನು ಕೇಳಬೇಕಿದ್ದರೆ ಶನಿವಾರ, ಭಾನುವಾರವೂ ಇವೆ. ರಾತ್ರಿಯವರೆಗೆ ಕಾಯಬೇಕಿಲ್ಲ. ನಿಗದಿತ ಸಮಯಕ್ಕೆ ತಾನೇ ಹೋಗುವಂತೆ ಮೇಲ್ ಬರೆದಿಡುವ ಸೌಲಭ್ಯ ಈಗ ಜಿಮೇಲ್, ಔಟ್‌ಲುಕ್ ಎರಡರಲ್ಲೂ ಇದೆ.

ಪತ್ರದ ಒಳಗೆ

ಎರಡನೇ ಪತ್ರವನ್ನು ಮೊದಲಿನ ಮೇಲ್‌ಗೇ ಉತ್ತರವಾಗಿ, ವಿಷಯದ ಸಾಲನ್ನು ಬದಲಿಸದೆ ಕಳಿಸಬೇಕು. ಆಗ ಹಳೆಯದು ಕೆಳಗೇ ಇರುತ್ತದೆ, ಹುಡುಕುವ ಕೆಲಸ ತಪ್ಪುತ್ತದೆ. ಜಿಮೇಲ್‌ನಲ್ಲಿ ವಿಷಯದ ಸಾಲು ಬದಲಾದರೆ ಅದು ಬೇರೆಯೇ ಸಂಭಾಷಣೆಯಾಗಿ ಒಡೆಯುತ್ತದೆ. ಹಾಗೆಂದು ಹಳೆಯದನ್ನು ನಂಬಿ 'ಕೆಳಗಿನ ಮೇಲ್ ನೋಡಿ' ಎಂದಷ್ಟೇ ಬರೆಯುವಂತಿಲ್ಲ. ಹೊಸ ಪತ್ರವೊಂದನ್ನೇ ಓದಿದರೂ ವಿಷಯ ಪೂರ್ತಿ ತಿಳಿಯಬೇಕು. ಫೋನ್‌ನ ಪುಟ್ಟ ಪರದೆಯಲ್ಲಿ ಕೆಳಕ್ಕೆ ಸರಿಸಿ ಓದುವವರು ಕಡಿಮೆ.

ಮೈಸೂರಿನ ವಾಸ್ತುಶಿಲ್ಪಿಯ ಎರಡನೇ ಪತ್ರ ಹೀಗಿರಬಹುದು:

"ನಮಸ್ಕಾರ ಮೇಡಂ,

ಮೈಸೂರು ಮನೆಯ ನೆಲಮಹಡಿ ನಕ್ಷೆಯ ಬಗ್ಗೆ ಮಾತನಾಡಲು ಮುಂದಿನ ಮಂಗಳವಾರದ ಸಮಯ ಸೂಚಿಸಿದ್ದೆ. ಅದರಲ್ಲೊಂದು ತಿದ್ದುಪಡಿ ಇದೆ. ಈ ಭಾನುವಾರ ನಿಮ್ಮಲ್ಲಿ ಗಡಿಯಾರ ಹಿಂದಕ್ಕೆ ಹೋಗುವುದರಿಂದ ನಾನು ಬರೆದ ಸಮಯ ನಿಮಗೆ ಬೆಳಿಗ್ಗೆ 7 ಆಗುತ್ತದೆ. ಹಾಗಾಗಿ ಎರಡು ಸಮಯ ಇಟ್ಟಿದ್ದೇನೆ:

1. ನಿಮ್ಮಲ್ಲಿ ನವೆಂಬರ್ 4, ಮಂಗಳವಾರ ಬೆಳಿಗ್ಗೆ 8. ಮೈಸೂರಿನಲ್ಲಿ ಅದೇ ದಿನ ರಾತ್ರಿ 9.30.
2. ನಿಮ್ಮಲ್ಲಿ ನವೆಂಬರ್ 5, ಬುಧವಾರ ಸಂಜೆ 6.30. ಮೈಸೂರಿನಲ್ಲಿ ನವೆಂಬರ್ 6, ಗುರುವಾರ ಬೆಳಿಗ್ಗೆ 8.

ಅರ್ಧ ಗಂಟೆ ಸಾಕಾಗುತ್ತದೆ. '1' ಅಥವಾ '2' ಎಂದಷ್ಟು ಬರೆದರೆ ಸಾಕು, ಕರೆಯ ಲಿಂಕ್ ಕಳಿಸುತ್ತೇನೆ. ನಿಮ್ಮ ಸೋಮವಾರ ಬೆಳಿಗ್ಗೆ 8ರವರೆಗೆ ಎರಡೂ ಸಮಯ ನಿಮಗಾಗಿ ಬಿಟ್ಟಿರುತ್ತೇನೆ. ಈ ವಾರ ಬೇಡವೆನಿಸಿದರೆ ಹಾಗೆಂದೇ ತಿಳಿಸಿ, ನಕ್ಷೆಯ ಕೆಲಸವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತೇನೆ."

ಗ್ರಾಹಕರು ಇಂಗ್ಲಿಷಿನಲ್ಲಿ ವ್ಯವಹರಿಸುವವರಾದರೂ ಪತ್ರದ ಕಟ್ಟು ಇದೇ. ಮೊದಲ ಸಾಲಿನಲ್ಲಿ ಯಾವುದರ ಬಗ್ಗೆ ಎಂಬುದಿದೆ. ಎರಡನೆಯದರಲ್ಲಿ ಹೊಸ ಸಂಗತಿ ಇದೆ. ಹೊಸ ಸಂಗತಿಯೊಂದಿದ್ದರೆ ಪತ್ರ ಬರೆದದ್ದಕ್ಕೆ ಕಾರಣವೂ ಸಿಕ್ಕಂತಾಗುತ್ತದೆ, ತಗಾದೆಯ ವಾಸನೆ ಕಳೆದುಹೋಗುತ್ತದೆ. ಗಡಿಯಾರದ ತಿದ್ದುಪಡಿಯಂಥದ್ದು ಪ್ರತಿ ಸಲವೂ ಸಿಗದು. ಆಗ ಮೀಟಿಂಗ್‌ನಲ್ಲಿ ಚರ್ಚಿಸಬೇಕಾದ ಎರಡು ಅಂಶಗಳನ್ನು ಸೇರಿಸಬಹುದು, ಒಂದು ಗಂಟೆಯ ಮೀಟಿಂಗನ್ನು ಅರ್ಧ ಗಂಟೆಗೆ ಇಳಿಸಬಹುದು. ಆದರೆ ಸಂಗತಿ ನಿಜವಾಗಿರಬೇಕು. ನೆಪಕ್ಕಾಗಿ ಕಟ್ಟಿದ ಕಾರಣ ಓದುವವರಿಗೆ ಕೂಡಲೇ ಗೊತ್ತಾಗುತ್ತದೆ.

ಪತ್ರದಲ್ಲಿ ಎರಡೇ ಸಮಯಗಳಿರುವುದನ್ನು ಗಮನಿಸಬೇಕು. ಒಂದೇ ಇದ್ದರೆ ಆಗದಿದ್ದಾಗ ಮಾತು ಅಲ್ಲಿಗೇ ನಿಲ್ಲುತ್ತದೆ, ಆರೇಳು ಇದ್ದರೆ ಆರಿಸುವುದೇ ಕೆಲಸವಾಗುತ್ತದೆ. ಎರಡರಲ್ಲಿ ಒಂದು ಬೆಳಿಗ್ಗೆ, ಒಂದು ಸಂಜೆ, ಅದೂ ಬೇರೆ ಬೇರೆ ದಿನ ಇದ್ದರೆ ಹೊಂದುವ ಸಾಧ್ಯತೆ ಹೆಚ್ಚು. ಕರ್ನಾಟಕದ ಗ್ರಾಹಕರ ವಿಷಯದಲ್ಲಿ ಇದಕ್ಕೆ ಇನ್ನೊಂದು ಉಪಯೋಗವಿದೆ. ಮನೆ, ಅಂಗಡಿ, ಹೊಸ ವ್ಯವಹಾರದ ಮೊದಲ ಮಾತುಕತೆಗೆ ರಾಹುಕಾಲ ನೋಡುವವರು ಅನೇಕರಿದ್ದಾರೆ. ಮಂಗಳವಾರ ಮಧ್ಯಾಹ್ನ 3ರಿಂದ 4.30, ಶುಕ್ರವಾರ ಬೆಳಿಗ್ಗೆ 10.30ರಿಂದ 12 ಎಂಬ ಪಂಚಾಂಗದ ಲೆಕ್ಕ ಅವರಿಗೆ ಬಾಯಿಪಾಠ. ಆ ಹೊತ್ತಿಗೇ ಮೀಟಿಂಗ್ ಸೂಚಿಸಿದರೆ ಬೇಡವೆನ್ನಲು ಕಾರಣ ಹೇಳಲಾಗದೆ ಸುಮ್ಮನಾಗುತ್ತಾರೆ. ಎರಡನೇ ಸಮಯವೊಂದಿದ್ದರೆ ಕಾರಣ ಹೇಳದೆ ಅದನ್ನು ಆರಿಸಿಕೊಳ್ಳುತ್ತಾರೆ.

ಗಡುವಿನ ಸಾಲು ಬೆದರಿಕೆಯಾಗದೆ ಮಾಹಿತಿಯಾಗಿರುವುದು ಅದರ ಕರ್ತೃವಿನಿಂದ. 'ಸೋಮವಾರದೊಳಗೆ ತಿಳಿಸಬೇಕು' ಎಂದರೆ ಗ್ರಾಹಕರ ಮೇಲೆ ಹೊರೆ. 'ಸೋಮವಾರದವರೆಗೆ ಬಿಟ್ಟಿರುತ್ತೇನೆ' ಎಂದರೆ ಬರೆದವರು ತಮ್ಮ ಕಡೆಯ ವ್ಯವಸ್ಥೆಯನ್ನು ತಿಳಿಸಿದಂತೆ. ಇದೇ ಸೂತ್ರ ಉಳಿದ ವಾಕ್ಯಗಳಿಗೂ ಸಲ್ಲುತ್ತದೆ. 'ನೀವು ಇನ್ನೂ ಉತ್ತರ ಕೊಟ್ಟಿಲ್ಲ' ಎಂಬಲ್ಲಿ ತಪ್ಪು ಮಾಡಿದವರು ಎದುರಿಗೇ ನಿಂತಿದ್ದಾರೆ. 'ಸಮಯ ಇನ್ನೂ ನಿಗದಿಯಾಗಬೇಕಿದೆ' ಎಂಬಲ್ಲಿ ಬಾಕಿ ಇರುವುದು ಕೆಲಸ ಮಾತ್ರ. ಯಾರನ್ನೂ ಎಳೆತರದೆ ಸಂಗತಿಯನ್ನು ಹೇಳುವ ಸೌಕರ್ಯ ಕನ್ನಡದ ವಾಕ್ಯದಲ್ಲಿ ಸಹಜವಾಗಿದೆ, ಅದನ್ನು ಬಳಸಿಕೊಂಡರೆ ಸಾಕು.

ಬಿಡಬೇಕಾದ ಮಾತುಗಳೂ ಕೆಲವಿವೆ. ದಿನಗಳನ್ನು ಎಣಿಸಿ 'ಮೂರು ದಿನದ ಹಿಂದೆಯೇ ಬರೆದಿದ್ದೆ' ಎನ್ನುವುದು ಲೆಕ್ಕ ಇಟ್ಟಂತೆ ಕೇಳಿಸುತ್ತದೆ. 'ಮತ್ತೆ ಮತ್ತೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ' ಎಂದರೆ ತೊಂದರೆಯೆಂದು ಅನ್ನಿಸದವರಿಗೂ ಅನ್ನಿಸತೊಡಗುತ್ತದೆ. ಭಾರತದ ಕಚೇರಿಗಳಲ್ಲಿ ಬಹಳ ಬಳಕೆಯಲ್ಲಿರುವ 'ಜೆಂಟಲ್ ರಿಮೈಂಡರ್' ತನ್ನನ್ನು ತಾನೇ ಮೃದು ಎಂದು ಹೇಳಿಕೊಳ್ಳುತ್ತದೆ, ಉತ್ತರಿಸುವವರಿಗೆ ಮಾತ್ರ ಅದರಿಂದ ಯಾವ ಸಹಾಯವೂ ಆಗುವುದಿಲ್ಲ. ಬಿಲ್ ಬಾಕಿಯನ್ನು ಅದೇ ಪತ್ರದಲ್ಲಿ ನೆನಪಿಸುವುದಂತೂ ಎರಡೂ ಕೆಲಸ ಕೆಡಿಸುತ್ತದೆ. ಹಣದ ಮಾತಿಗೆ ಉತ್ತರಿಸಲು ಸಿದ್ಧರಿಲ್ಲದವರು ಸಮಯದ ಮಾತಿಗೂ ಉತ್ತರಿಸುವುದಿಲ್ಲ.

ಉತ್ತರ ಬಂದಾಗ, ಬಾರದಿದ್ದಾಗ

ಈ ಉದಾಹರಣೆಯ ಗ್ರಾಹಕರು ಭಾನುವಾರ ಸಂಜೆ, ಅಂದರೆ ಮೈಸೂರಿನ ಸೋಮವಾರ ಬೆಳಿಗ್ಗೆ, ಹೀಗೆ ಬರೆಯುತ್ತಾರೆ ಎಂದಿಟ್ಟುಕೊಳ್ಳಬಹುದು: "2 ಆಗಬಹುದು. ಅಪ್ಪ ಅಮ್ಮನ ಕೋಣೆ ಎಲ್ಲಿರಬೇಕು ಅನ್ನೋದು ಇನ್ನೂ ತೀರ್ಮಾನ ಆಗಿರಲಿಲ್ಲ. ಅವರೂ ಕರೆಯಲ್ಲಿ ಸೇರಬಹುದಾ?" ಮೌನಕ್ಕೆ ಕಾರಣ ಮೂರನೆಯದಾಗಿತ್ತು, ಇನ್ನೊಬ್ಬರನ್ನು ಕೇಳಬೇಕಿತ್ತು. ಮೈಸೂರಿನ ಬೆಳಿಗ್ಗೆ 8 ಗಂಟೆ ತಂದೆ ತಾಯಿಗೂ ಹೊಂದುತ್ತದೆ. ಇನ್ನು ಉಳಿದದ್ದು ಅದೇ ದಿನ ಕ್ಯಾಲೆಂಡರ್ ಆಹ್ವಾನ ಕಳಿಸಿ ಮೊದಲ ಸಮಯವನ್ನು ಬೇರೆಯವರಿಗೆ ಬಿಟ್ಟುಕೊಡುವುದು. ಕ್ಯಾಲೆಂಡರ್ ಆಹ್ವಾನ ಆಯಾ ಊರಿನ ಗಡಿಯಾರಕ್ಕೆ ತಾನೇ ಹೊಂದಿಕೊಂಡು ಕಾಣಿಸುವುದರಿಂದ ಗಂಟೆಯ ಗೊಂದಲಕ್ಕೆ ಎಡೆಯಿಲ್ಲ.

ಒಪ್ಪಿಗೆಗೆ ಮುನ್ನವೇ ಆಹ್ವಾನ ಕಳಿಸುವುದು ಬೇರೆ ಮಾತು. ಅದು ಗ್ರಾಹಕರ ಕ್ಯಾಲೆಂಡರಿನಲ್ಲಿ ತಾನಾಗಿ ಹೋಗಿ ಕೂರಬಹುದು. ಆಗ ಬರೆದವರು ಸಮಯ ಖಚಿತವಾಯಿತೆಂದುಕೊಳ್ಳುತ್ತಾರೆ, ಗ್ರಾಹಕರು ಅದನ್ನು ಗಮನಿಸಿಯೇ ಇರುವುದಿಲ್ಲ. ಆಹ್ವಾನಕ್ಕೆ 'ಬರುತ್ತೇನೆ' ಎಂಬ ಗುರುತು ಬರುವವರೆಗೆ ಮೀಟಿಂಗ್ ನಿಗದಿಯಾಗಿಲ್ಲ ಎಂದೇ ಲೆಕ್ಕ.

ಕೆಲವು ಉತ್ತರಗಳು ಉತ್ತರವಾಗಿರುವುದಿಲ್ಲ. 'ಓಕೆ' ಎಂದಷ್ಟೇ ಬಂದರೆ ಯಾವ ಸಮಯ ಎಂಬುದು ತಿಳಿಯದು. 'ಹಾಗಾದರೆ 1, ಮಂಗಳವಾರ ಬೆಳಿಗ್ಗೆ 8 ಎಂದು ಇಟ್ಟುಕೊಳ್ಳಲೇ?' ಎಂದು ಕೇಳಬೇಕಾಗುತ್ತದೆ. 'ನೋಡಿ ಹೇಳ್ತೀನಿ' ಎಂದರೆ 'ಬುಧವಾರ ಒಮ್ಮೆ ಕೇಳಲೇ?' ಎಂದು ಅವರಿಂದಲೇ ಮುಂದಿನ ದಿನವನ್ನು ಒಪ್ಪಿಸಿಕೊಂಡರೆ ಮುಂದಿನ ಪತ್ರಕ್ಕೆ ಸಂಕೋಚವಿರುವುದಿಲ್ಲ. ಬೇರೆ ವಿಷಯಗಳಿಗೆ ಚುರುಕಾಗಿ ಉತ್ತರಿಸುತ್ತ ಮೀಟಿಂಗ್ ಮಾತನ್ನು ಮಾತ್ರ ದಾಟಿಸುತ್ತಿದ್ದರೆ, ಅಡ್ಡಿ ಸಮಯದ್ದಲ್ಲ. ಆಗ ಇನ್ನಷ್ಟು ಸಮಯಗಳನ್ನು ಸೂಚಿಸಿ ಪ್ರಯೋಜನವಿಲ್ಲ. ಅಂದಾಜು ವೆಚ್ಚದ ಬಗ್ಗೆಯೋ ವಿನ್ಯಾಸದ ಬಗ್ಗೆಯೋ ಏನಾದರೂ ಬದಲಾಗಬೇಕೇ ಎಂದು ನೇರವಾಗಿ ವಿಚಾರಿಸುವುದೇ ಸರಿ.

ಎರಡನೇ ಪತ್ರಕ್ಕೂ ಉತ್ತರವಿಲ್ಲದಿದ್ದರೆ ಮತ್ತೆ ಮೂರ್ನಾಲ್ಕು ಕೆಲಸದ ದಿನ ಬಿಟ್ಟು ಮಾಧ್ಯಮ ಬದಲಿಸಬೇಕು. ಮೇಲ್ ಸ್ಪ್ಯಾಮ್‌ಗೆ ಹೋಗುತ್ತಿದ್ದರೆ ಮೂರನೆಯದೂ ಅಲ್ಲಿಗೇ ಹೋಗುತ್ತದೆ. ಹಿಂದೆ ವಾಟ್ಸಾಪ್‌ನಲ್ಲಿ ಮಾತುಕತೆ ನಡೆದಿದ್ದರೆ ಎರಡು ಸಾಲಿನ ಸಂದೇಶ ಸಾಕು: ಮೇಲ್ ಕಳಿಸಿದ್ದು ತಲುಪಿದೆಯೋ ಇಲ್ಲವೋ ಎಂಬ ಅನುಮಾನ, ವಿಷಯ ಇಂಥದ್ದು. ಅಲ್ಲಿನ ನೀಲಿ ಗುರುತನ್ನು ಸಾಕ್ಷಿ ಮಾಡಿಕೊಂಡು 'ಓದಿದ್ದೀರಿ' ಎನ್ನುವುದು ಸಲ್ಲದು. ನೀಲಿ ಇಲ್ಲವೆಂದ ಮಾತ್ರಕ್ಕೆ ಓದಿಲ್ಲವೆಂದೂ ಅಲ್ಲ, ಏಕೆಂದರೆ ಆ ಗುರುತನ್ನು ಬಳಕೆದಾರರು ನಿಲ್ಲಿಸಿಟ್ಟಿರಬಹುದು. ಊರಿನಲ್ಲೇ ಇರುವ ಅಂಗಡಿಯವರು, ಕಾರ್ಖಾನೆಯವರು, ತೋಟದ ಮಾಲೀಕರಾದರೆ ಒಂದು ಫೋನ್ ಕರೆ ಎರಡು ಮೇಲ್‌ಗಿಂತ ಬೇಗ ಕೆಲಸ ಮಾಡುತ್ತದೆ. ಗ್ರಾಹಕರ ಮೇಲಧಿಕಾರಿಯನ್ನೋ ಮನೆಯವರನ್ನೋ ಮೇಲ್‌ನ ಪ್ರತಿಯಲ್ಲಿ ಸೇರಿಸುವುದು ಮಾತ್ರ ದೂರು ಕೊಟ್ಟಂತೆ. ಅದರಿಂದ ಉತ್ತರ ಬಂದರೂ ಸಂಬಂಧ ಕೆಡುತ್ತದೆ.

ಮೂರನೇ ಪ್ರಯತ್ನಕ್ಕೂ ಮೌನವೇ ಉಳಿದರೆ ಬರೆಯಬೇಕಾದದ್ದು ಮುಗಿಸುವ ಪತ್ರ. ಕಾದಿರಿಸಿದ ಸಮಯವನ್ನು ಬಿಟ್ಟುಕೊಟ್ಟಿದ್ದೇವೆ, ಕೆಲಸ ಇಂಥ ಹಂತದಲ್ಲಿ ನಿಂತಿದೆ, ಮತ್ತೆ ಶುರು ಮಾಡಬೇಕೆನಿಸಿದಾಗ ತಿಳಿಸಿದರೆ ಹೊಸ ಸಮಯ ನೋಡೋಣ ಎಂಬ ಮೂರು ಸಂಗತಿಗಳು ಅದರಲ್ಲಿದ್ದರೆ ಸಾಕು. ಮುನಿಸಿನ ಒಂದು ಪದವೂ ಬೇಡ. ಬೇಡವೆನಿಸಿಯೂ ಹೇಳಲಾಗದೆ ಕೂತವರಿಗೆ ಈ ಪತ್ರದಿಂದ ನಿರಾಳವಾಗುತ್ತದೆ. ನಿಜವಾಗಿ ತೊಡಕಿನಲ್ಲಿದ್ದವರಿಗೆ ಮರಳುವ ದಾರಿ ತೆರೆದಿರುತ್ತದೆ.

ಮೌನವನ್ನು ಒಪ್ಪಿಗೆಯೆಂದು ತಿಳಿದು ಮುಂದುವರಿಯುವುದು ಮಾತ್ರ ಯಾವ ಹಂತದಲ್ಲೂ ಆಗದು. ಗ್ರಾಹಕರ ಮಾತಿಲ್ಲದೆ ನೆಲಮಹಡಿಯ ನಕ್ಷೆಯನ್ನು ಅನುಮೋದನೆಗೆ ಸಲ್ಲಿಸಿದರೆ, ಮುಂದೆ ಅದನ್ನು ತಿದ್ದಿಸುವ ಖರ್ಚು, ತಡ ಎರಡೂ ಕಚೇರಿಯ ತಲೆಯ ಮೇಲೇ ಬೀಳುತ್ತವೆ. ಇಂಥ ಕೆಲಸಗಳಿಗೆ ಆರಂಭದ ಒಪ್ಪಂದದಲ್ಲೇ ಒಂದು ಸಾಲು ಬರೆದಿಟ್ಟುಕೊಳ್ಳುವುದು ಕ್ಷೇಮ: ಗ್ರಾಹಕರ ತೀರ್ಮಾನ ಬರಲು ಎಷ್ಟು ದಿನ ತಡವಾಗುತ್ತದೋ ಕೆಲಸ ಮುಗಿಯುವ ದಿನವೂ ಅಷ್ಟೇ ಮುಂದಕ್ಕೆ ಹೋಗುತ್ತದೆ. ಆ ಸಾಲು ಒಪ್ಪಂದದಲ್ಲಿದ್ದರೆ ತಡದ ಮಾತನ್ನು ನೆನಪಿನ ಪತ್ರದಲ್ಲಿ ಎತ್ತುವ ಅಗತ್ಯವೇ ಬೀಳುವುದಿಲ್ಲ.